ರೇಟ್ ಹೇಳಿದ ಮೇಲಿನ ಮೌನ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ವಿದೇಶಿ ಗಿರಾಕಿಗಳ ಜೊತೆ ಮಾತಾಡುವವರಿಗೆ ತರಬೇತಿ ಕೊಡುವಾಗ ನಾನು ಮೊದಲು ಕೇಳಿಸುವುದು ಅವರದೇ ಕರೆಯ ರೆಕಾರ್ಡಿಂಗು. ಎರಡೂ ಕಡೆಯವರು ಒಪ್ಪಿ ಮಾಡಿದ್ದು ಮಾತ್ರ. ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರಿನಲ್ಲಿ ಅದನ್ನು ತೆರೆದು, ಒಬ್ಬರು ಮಾತು ಮುಗಿಸಿದಲ್ಲಿಂದ ಇನ್ನೊಬ್ಬರು ಶುರು ಮಾಡುವವರೆಗಿನ ಭಾಗವನ್ನು ಮೌಸಿನಿಂದ ಆರಿಸಿದರೆ ಎಷ್ಟು ಸೆಕೆಂಡು ಅಂತ ಕೆಳಗೆ ಕಾಣುತ್ತದೆ.

ಒಂದು ಮಾದರಿ ನೋಡಿ. ಗಿರಾಕಿ ಡೆನ್ಮಾರ್ಕಿನವರು. ನಮ್ಮವರು ಕಾಸ್ಟಿಂಗಿನ ರೇಟ್ ಹೇಳುತ್ತಾರೆ. ಒಂದೂವರೆ ಸೆಕೆಂಡು ಆ ಕಡೆಯಿಂದ ಸದ್ದಿಲ್ಲ. ತಡೆಯಲಾರದೆ ನಮ್ಮವರೇ, ಆರ್ಡರ್ ದೊಡ್ಡದಾದರೆ ಮೂರು ಪರ್ಸೆಂಟ್ ಬಿಡುತ್ತೇವೆ ಅನ್ನುತ್ತಾರೆ. ಯಾರೂ ಚೌಕಾಸಿ ಮಾಡಿರಲಿಲ್ಲ. ಗಿರಾಕಿ ಲೆಕ್ಕ ಹಾಕುತ್ತಿದ್ದರು, ಅಷ್ಟೇ.

ಹತ್ತು ಭಾಷೆಗಳಲ್ಲಿ ಹೌದು-ಅಲ್ಲ ಪ್ರಶ್ನೆಗೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದ ಅಧ್ಯಯನ 2009ರಲ್ಲಿ ಬಂತು. ಸರಾಸರಿ ತೆಗೆದರೆ ಜಪಾನಿ ಎಲ್ಲಕ್ಕಿಂತ ಚುರುಕು, 7 ಮಿಲಿಸೆಕೆಂಡು. ಡೇನಿಷ್ ಎಲ್ಲಕ್ಕಿಂತ ನಿಧಾನ, 469. ಅಂತರ ಅರ್ಧ ಸೆಕೆಂಡೂ ಇಲ್ಲ. ಹಾಗಾಗಿ ‘ಅವರು ಮಾತೇ ಆಡದ ಜನ’ ಅನ್ನುವುದು ಉತ್ಪ್ರೇಕ್ಷೆ. ಆದರೆ ಕಿವಿಗೆ ಅಷ್ಟೇ ಸಾಕು, ಮುನಿಸು ಅಂತ ತಿಳಿದುಬಿಡುತ್ತದೆ. ಇಂಟರ್ನೆಟ್ ಕರೆಯಲ್ಲಿ ದನಿ ಹೋಗಲು 150 ಮಿಲಿಸೆಕೆಂಡು ಹಿಡಿದರೆ ಉತ್ತರ ಬರಲು ಇನ್ನೊಂದು 150. ಆ 300 ಕೂಡಾ ಗಿರಾಕಿಯ ಲೆಕ್ಕಕ್ಕೇ ಬೀಳುತ್ತದೆ.

ಅತ್ತ ಗಿರಾಕಿಗೆ ನಮ್ಮವರ ಮೇಲೆ ಬೇಜಾರು. ಇಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುನಡುವೆ ‘ಹೂಂರಿ’, ‘ಹೌದ್ರಿ’ ಅನ್ನಲೇಬೇಕು. ಅನ್ನದಿದ್ದರೆ ‘ಕೇಳಾಕತ್ತೀರೇನ್ರೀ?’ ಅಂತ ಕೇಳುತ್ತಾರೆ. ಇದೇ ಅಭ್ಯಾಸದಲ್ಲಿ ‘ಯೆಸ್ ಸರ್, ಯೆಸ್ ಸರ್’ ಅಂದರೆ, ತಡವಾಗಿ ತಲುಪಿ ಗಿರಾಕಿಯ ಮುಂದಿನ ವಾಕ್ಯದ ಮೇಲೆ ಬೀಳುತ್ತದೆ. ಏನೋ ಹೇಳಬೇಕಂತೆ ಅಂದುಕೊಂಡು ಅವರು ನಿಲ್ಲಿಸುತ್ತಾರೆ. ನಾವೂ ಸುಮ್ಮನೆ, ಅವರೂ ಸುಮ್ಮನೆ, ಆಮೇಲೆ ಇಬ್ಬರೂ ಒಟ್ಟಿಗೆ ಶುರು. ಇದಕ್ಕೆ ಮದ್ದು ಸುಲಭ: ಕ್ಯಾಮೆರಾ ಇಟ್ಟು ತಲೆಯಾಡಿಸಿ, ಬಾಯಿಮಾತಿನ ‘ಯೆಸ್’ ಅವರ ವಾಕ್ಯ ಮುಗಿದ ಮೇಲಿರಲಿ.

ಮೌನಕ್ಕೆ ಮಾತ್ರ ಒಂದೇ ಮದ್ದಿಲ್ಲ. ಏಕೆಂದರೆ ‘ಒಲ್ಲೆ’ ಅನ್ನುವ ಮುಂಚೆ ಎಲ್ಲಾ ದೇಶದವರೂ ಸಾಮಾನ್ಯವಾಗಿ ಸ್ವಲ್ಪ ತಡೆಯುತ್ತಾರೆ. ಅದಕ್ಕೇ ಶುರುವಿನಲ್ಲಿ ಡ್ರಾಯಿಂಗ್ ಮುಟ್ಟಿತೇ, ದನಿ ಸರಿಯಾಗಿ ಕೇಳುತ್ತಿದೆಯೇ ಎಂಬಂಥ ನಾಲ್ಕೈದು ಸಣ್ಣ ಪ್ರಶ್ನೆ ಕೇಳಿಸುತ್ತೇನೆ. ಆ ಮನುಷ್ಯನ ರೂಢಿಯ ತಡ ಅಲ್ಲೇ ಗೊತ್ತಾಗುತ್ತದೆ. ರೇಟ್ ಹೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಬೇಕು. ಆಗಲೂ ಉತ್ತರ ಬರದಿದ್ದರೆ ರೇಟ್ ಇಳಿಸದೆ, ‘ಯಾವ ಭಾಗ ವಿವರಿಸಲಿ?’ ಅಂತ ಕೇಳಬೇಕು. ಇಂಗ್ಲಿಷ್ ಇಬ್ಬರಿಗೂ ಎರಡನೇ ಭಾಷೆಯಾದರೆ ಎಣಿಕೆ ನಾಲ್ಕಕ್ಕೆ ಹೋಗಲಿ.