ಮೇ 1, ಮೇ 2, ಮೇ 6: ಒಂದು ರಾಜೀನಾಮೆ, ಮೂರು ಕೊನೆಯ ದಿನ

ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಯಾರಾದರೂ ರಾಜೀನಾಮೆ ಕೊಟ್ಟರೆ ಒಪ್ಪಿಗೆ ಪತ್ರ ಬರೆಯುವುದು ನಾನೇ. ಮೊದಲೆಲ್ಲ ಎರಡೇ ಸಾಲು ಬರೆಯುತ್ತಿದ್ದೆ: ನಿಮ್ಮ ರಾಜೀನಾಮೆ ಒಪ್ಪಿದ್ದೇವೆ, ನೋಟಿಸ್ ಅವಧಿ ಮುಗಿದ ಮೇಲೆ ರಿಲೀವ್ ಮಾಡುತ್ತೇವೆ. 2025ರ ಮಾರ್ಚಿನಲ್ಲಿ ನಮ್ಮ ಕ್ವಾಲಿಟಿ ಇನ್‌ಸ್ಪೆಕ್ಟರ್ ಒಬ್ಬರು ಕೆಲಸ ಬಿಟ್ಟಾಗಲೂ ಅದೇ ಎರಡು ಸಾಲು ಕಳಿಸಿದ್ದೆ.

ಅವರು ಮೇಲ್ ಹಾಕಿದ್ದು ಮಾರ್ಚ್ 3, ಸೋಮವಾರ ಸಂಜೆ. ನೋಟಿಸ್ 60 ದಿನ. ಮಾರ್ಚ್ 3ನ್ನೂ ಸೇರಿಸಿ ಎಣಿಸಿದ ಅವರಿಗೆ ಕೊನೆಯ ದಿನ ಮೇ 1. ಅವರ ಮ್ಯಾನೇಜರ್ ಆ ಮೇಲನ್ನು ನಾಲ್ಕು ದಿನ ಇಟ್ಟುಕೊಂಡು 7ನೇ ತಾರೀಕು ನನಗೆ ಕಳಿಸಿದ್ದರು. ಅವರು ಎಣಿಸಿದ್ದು ಅಲ್ಲಿಂದ, ಹಾಗಾಗಿ ಮೇ 6. ಇನ್‌ಸ್ಪೆಕ್ಟರ್ ಹೊಸ ಕಂಪನಿಗೆ ಮೇ 5ಕ್ಕೆ ಸೇರುತ್ತೇನೆ ಅಂತ ಮಾತು ಕೊಟ್ಟಾಗಿತ್ತು. "ಮೇಡಂ, ನೀವು ತಾರೀಕೇ ಬರೆದಿಲ್ಲವಲ್ಲ" ಅಂದರು. ಸರಿಯಾಗೇ ಹೇಳಿದ್ದರು.

ಎರಡನೇ ಪತ್ರ ಬರೆದೆ. ಮೇಲ್ ಬಂದ ದಿನವೇ ನೋಟಿಸ್ ಕೊಟ್ಟ ದಿನ, ಮ್ಯಾನೇಜರ್ ಓದಿದ ದಿನವಲ್ಲ. ಕೊಟ್ಟ ದಿನವನ್ನು ಬಿಟ್ಟು ಮಾರನೇ ದಿನದಿಂದ ಎಣಿಸುವುದು ನಮ್ಮ ಪದ್ಧತಿ. ಮಾರ್ಚಿನಲ್ಲಿ 28, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 2. ಪತ್ರದಲ್ಲಿ ಹೀಗಿತ್ತು: "ತಮ್ಮ ರಾಜೀನಾಮೆ 03-03-2025ರಂದು ನಮಗೆ ತಲುಪಿದೆ. 60 ದಿನಗಳ ನೋಟಿಸ್ ಪ್ರಕಾರ ತಮ್ಮ ಕೊನೆಯ ಕೆಲಸದ ದಿನ 02-05-2025, ಶುಕ್ರವಾರ." ವಾರದ ಹೆಸರನ್ನೂ ಬರೆಯುತ್ತೇನೆ. ತಾರೀಕು ತಪ್ಪಾಗಿ ಟೈಪ್ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೊನೆಯ ದಿನ ಮುಂದಕ್ಕೆ ಹೋಗುತ್ತದಾ ಇಲ್ಲವಾ ಅನ್ನುವುದನ್ನೂ ಅದರ ಕೆಳಗೆ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ.

ಈ ತಾರೀಕು ಬರೀ ಗೇಟ್ ಪಾಸಿಗೆ ಅಲ್ಲ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನ ಅಂತ ನಾನು ತುಂಬುವುದೂ ಇದನ್ನೇ. ನಾನು ಅಲ್ಲಿ ಮೇ 6 ಹಾಕಿ, ಹೊಸ ಕಂಪನಿಯವರು ಸೇರಿದ ದಿನ ಮೇ 5 ಅಂತ ಹಾಕಿದ್ದರೆ ಒಂದೇ ವೇಳೆಯಲ್ಲಿ ಎರಡು ಕಡೆ ದುಡಿದಂತೆ ಕಾಣುತ್ತಿತ್ತು. ಮುಂದೆ ಪಿಎಫ್ ವರ್ಗಾವಣೆಗೆ ಅರ್ಜಿ ಹಾಕಿದಾಗ ಅದರ ಬಗ್ಗೆ ಪ್ರಶ್ನೆ ಬಂದರೆ ಅಲೆದಾಡುವವರು ಅವರೇ ಅಲ್ವಾ?

ಹ್ಯಾಂಡೋವರ್ ವಿಷಯ ಆ ಪತ್ರದಲ್ಲೂ ಸಡಿಲವಾಗೇ ಇತ್ತು. "ಜವಾಬ್ದಾರಿಗಳನ್ನು ವಹಿಸಿಕೊಡಬೇಕು" ಅಂತ ಸುಮ್ನೆ ಬರೆದಿದ್ದೆ. ಯಾರಿಗೆ, ಏನನ್ನು, ಯಾವಾಗ, ಒಂದೂ ಇರಲಿಲ್ಲ. ಏಪ್ರಿಲ್ ಕೊನೆವರೆಗೂ ಆ ಜಾಗಕ್ಕೆ ಯಾರು ಅಂತ ಮ್ಯಾನೇಜರ್ ಹೇಳಲೇ ಇಲ್ಲ. ಮೇ 2ರಂದು ನೋ ಡ್ಯೂಸ್ ಫಾರಂ ಹಿಡಿದುಕೊಂಡು ಇನ್‌ಸ್ಪೆಕ್ಟರ್ ಸ್ಟೋರ್ಸ್, ಕ್ಯಾಂಟೀನ್, ಅಕೌಂಟ್ಸ್, ಐಟಿ ಎಲ್ಲ ಸುತ್ತಿದರು. ಸ್ಟೋರ್ಸಿನವರು ಸಹಿ ಹಾಕಲಿಲ್ಲ. 0–25 ಎಂಎಂ ಮೈಕ್ರೋಮೀಟರ್ ಒಂದು ಅವರ ಹೆಸರಿನಲ್ಲಿದೆ, ವಾಪಸ್ ಬಂದಿಲ್ಲ ಅಂದರು. ತಾವು ಕೊಟ್ಟಾಗಿದೆ ಅಂತ ಇವರು. ಮೂರು ವಾರ ಫೈನಲ್ ಸೆಟ್ಲ್‌ಮೆಂಟ್ ನಿಂತುಹೋಯಿತು. ಕೊನೆಗೆ ಸಿಕ್ಕಿದ್ದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ. ಏಪ್ರಿಲ್‌ನಲ್ಲೇ ಕಳಿಸಿದ್ದರು, ಡೆಲಿವರಿ ಚಲನ್ ಫೈಲಿನಲ್ಲೇ ಇತ್ತು, ಸ್ಟೋರ್ಸ್ ರಿಜಿಸ್ಟರಿನಲ್ಲಿ ಮಾತ್ರ ಬರೆದಿರಲಿಲ್ಲ. ತಪ್ಪೇನೂ ಮಾಡದ ಮನುಷ್ಯನ ದುಡ್ಡು ತಡೆಹಿಡಿದಿದ್ದೆವು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಈಗ ಒಪ್ಪಿಗೆ ಪತ್ರದ ಜೊತೆಗೇ ಇನ್ನೊಂದು ಹಾಳೆ ಹೋಗುತ್ತದೆ. ಅವತ್ತಿಗೆ ಅವರ ಹೆಸರಿನಲ್ಲಿ ಏನೇನಿದೆಯೋ ಎಲ್ಲವನ್ನೂ ಸ್ಟೋರ್ಸ್, ಐಟಿ, ಅಕೌಂಟ್ಸ್‌ನಿಂದ ತರಿಸಿ ಬರೆಯುತ್ತೇನೆ: ಗೇಜುಗಳು ನಂಬರ್ ಸಮೇತ, ಲ್ಯಾಪ್‌ಟಾಪ್, ಸಿಮ್, ಸಂಬಳದ ಮುಂಗಡ. ಒಪ್ಪದಿದ್ದರೆ ಏಳು ದಿನದೊಳಗೆ ಹೇಳಿ ಅಂತ ಕೇಳುತ್ತೇನೆ. ತಕರಾರು ಬಂದರೂ ಹುಡುಕಲು ಇನ್ನೂ 50 ದಿನ ಇರುತ್ತದೆ.

ಹ್ಯಾಂಡೋವರ್ ಪ್ಯಾರಾದಲ್ಲಿ ತೆಗೆದುಕೊಳ್ಳುವವರ ಹೆಸರಿಲ್ಲದೆ ಪತ್ರ ಕಳಿಸುವುದಿಲ್ಲ. ಬದಲಿ ಜನ ಸಿಕ್ಕಿಲ್ಲದಿದ್ದರೆ ಮ್ಯಾನೇಜರ್ ಹೆಸರನ್ನೇ ಹಾಕುತ್ತೇನೆ. ಕ್ಯಾಲಿಬ್ರೇಷನ್ ರಿಜಿಸ್ಟರ್, ಬಾಕಿ ಇರುವ ರಿಜೆಕ್ಷನ್ ರಿಪೋರ್ಟ್, ಕಸ್ಟಮರ್ ದೂರಿನ ಫೈಲು ಅಂತ ಬಿಡಿಬಿಡಿಯಾಗಿ ಬರೆದು, ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಇಬ್ಬರೂ ಸಹಿ ಹಾಕಬೇಕು ಅಂತ ಸೇರಿಸುತ್ತೇನೆ. ನೋ ಡ್ಯೂಸ್ ಫಾರಂ ಹಿಡಿದು ಸುತ್ತುವ ಕೆಲಸ ಈಗ ಬಿಡುವವರದಲ್ಲ, ನನ್ನದು. ಐದು ದಿನ ಮೊದಲು ಶುರು ಮಾಡುತ್ತೇನೆ, ಯಾಕೆಂದರೆ ಸಹಿ ಹಾಕಬೇಕಾದ ನಾಲ್ವರಲ್ಲಿ ಒಬ್ಬರು ರಜೆಯಲ್ಲಿ ಇದ್ದೇ ಇರುತ್ತಾರೆ. ಲ್ಯಾಪ್‌ಟಾಪ್ ಮತ್ತು ಐಡಿ ಕಾರ್ಡ್ ಮಾತ್ರ ಕೊನೆಯ ದಿನದ ಸಂಜೆಗೆ ಉಳಿಯುತ್ತವೆ. ಅವನ್ನು ತೆಗೆದುಕೊಂಡು ಅಲ್ಲೇ ರಿಲೀವಿಂಗ್ ಲೆಟರ್ ಕೈಗೆ ಕೊಡುತ್ತೇನೆ. ಕೊಡುವ ಮೊದಲು ಅದರ ತಾರೀಕನ್ನು ಒಪ್ಪಿಗೆ ಪತ್ರದ ಪಕ್ಕ ಇಟ್ಟು ಒಂದು ಸಲ ನೋಡುತ್ತೇನೆ.