ಸಾಹುಕಾರ್ರಿಗೆ ಫೋನು, ಆಮೇಲೆ ಆಫೀಸಿಗೆ ಪತ್ರ

ದಾವಣಗೆರೆಯಲ್ಲಿ ನಮ್ಮದು ರಟ್ಟಿನ ಬಾಕ್ಸ್ ತಯಾರಿಸುವ ಸಣ್ಣ ಘಟಕ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿಗೆ ಮೊದಲಿಂದಲೂ 30 ದಿನದ ಉದ್ರಿಯಲ್ಲಿ ಮಾಲು ಕೊಡುತ್ತಿದ್ದೇವೆ. ಕಳೆದ ಹಂಗಾಮಿನಲ್ಲಿ ಅವರ 86,400 ರೂಪಾಯಿಯ ಬಿಲ್ಲು ನಿಂತುಹೋಯಿತು. ಆ ಮಿಲ್ಲಿನ ಯಜಮಾನರಾದ ಸಾಹುಕಾರ್ರು ನಮ್ಮ ಮನೆ ಮದುವೆಗೆ ಬಂದು ಊಟ ಮಾಡಿ ಹೋದವರು.

ವಾಯಿದೆಗೆ ನಾಲ್ಕೈದು ದಿನ ಇರುವಾಗಲೇ ಅವರ ಅಕೌಂಟೆಂಟ್‌ಗೆ ವಾಟ್ಸ್ಆ್ಯಪ್ ಮಾಡಿದ್ದೆ: "ಬಿಲ್ಲು ತಲುಪಿದೆಯಾ ಸರ್? ಎಣಿಕೆ, ರೇಟು ಏನಾದರೂ ವ್ಯತ್ಯಾಸ ಇದ್ದರೆ ಈಗಲೇ ತಿಳಿಸಿ." ಇದರಲ್ಲಿ ದುಡ್ಡಿನ ಮಾತೇ ಇಲ್ಲ. "ಎಲ್ಲಾ ಸರಿ ಇದೆ" ಅಂತ ಉತ್ತರ ಬಂತು. ಈ ಒಂದು ಸಾಲು ಬಹಳ ಮುಖ್ಯ. ಆಮೇಲೆ "ಬಾಕ್ಸ್ ಕಡಿಮೆ ಇತ್ತು" ಅನ್ನುವ ತಕರಾರು ಏಳುವುದಿಲ್ಲ.

ವಾಯಿದೆ ದಾಟಿ ವಾರವಾದ ಮೇಲೆ ಫೋನ್ ಮಾಡಿದೆ. ಆಗಲೂ ನಾನು ಕೇಳಿದ್ದು ತಾರೀಖು ಮಾತ್ರ. "ಈ ವಾರ ಹಾಕ್ತೀವಿ" ಅಂದರು. "ಶುಕ್ರವಾರ ಅಂತ ಬರ್ಕೊಳ್ಲಾ ಸರ್?" ಅಂದೆ, ಹೂಂ ಅಂದರು. ಅದನ್ನೇ ಸಂಜೆ ಮೆಸೇಜಿನಲ್ಲಿ ಹಾಕಿದೆ. ಶುಕ್ರವಾರವೂ ಕಳೆಯಿತು. ಹೇಳಿದ ತಾರೀಖು ತಪ್ಪಿತೆಂದರೆ ವಿಷಯ ಅಕೌಂಟೆಂಟ್ ಕೈಯಲ್ಲಿಲ್ಲ ಎಂದೇ ಅರ್ಥ. ಅವರನ್ನು ಮತ್ತೆ ಮತ್ತೆ ಪೀಡಿಸಿದರೆ ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಸಾಹುಕಾರ್ರ ಹತ್ತಿರ ನೇರವಾಗಿ ಮಾತಾಡಿದೆ. ಅವರಿಗೆ ಬರಬೇಕಾದ ಹಣವೂ ಒಬ್ಬ ವಿತರಕರ ಹತ್ತಿರ ಸಿಕ್ಕಿಕೊಂಡಿತ್ತು. "ಹಾಗಾದ್ರೆ ಈಗ 40,000 ಹಾಕಿ, ಉಳಿದದ್ದು ಹದಿನೈದು ದಿನ ಬಿಟ್ಟು ಕೊಡಿ. ಹಳೇದು ತೀರೋವರೆಗೆ ಹೊಸ ಮಾಲು ನಗದಿಗೆ ಕೊಡ್ತೀನಿ ಸಾಹುಕಾರ್ರೆ" ಅಂದೆ. ಮಾಲು ನಿಲ್ಲಿಸಿದ್ದರೆ ಅವರ ಪ್ಯಾಕಿಂಗೇ ನಿಲ್ಲುತ್ತಿತ್ತು, ನಮ್ಮ ದುಡ್ಡು ಇನ್ನೂ ತಡವಾಗುತ್ತಿತ್ತು. 40,000 ಬಂತು. ಉಳಿದದ್ದು ಬರಲಿಲ್ಲ.

ಇನ್ನು ಪತ್ರವೇ ಗತಿ. ಆದರೆ ಪತ್ರಕ್ಕಿಂತ ಮೊದಲು ಫೋನ್ ಹೋಗಬೇಕು. "ನಾಳೆ ನಮ್ಮ ಆಫೀಸಿಂದ ಒಂದು ಪತ್ರ ಬರುತ್ತೆ. ಲೆಕ್ಕಕ್ಕೆ ಅದು ಬೇಕು. ನಿಮಗೆ ತಿಳಿಸದೆ ಕಳಿಸೋದು ಬೇಡ ಅಂತ ಮೊದಲೇ ಹೇಳ್ತಿದೀನಿ" ಅಂದೆ. ಮುನ್ಸೂಚನೆ ಇಲ್ಲದೆ ಗುಮಾಸ್ತರ ಮುಂದೆ ಸ್ಪೀಡ್ ಪೋಸ್ಟ್ ಒಡೆದರೆ ಯಜಮಾನರಿಗೆ ಅವಮಾನ, ಸಂಬಂಧ ಕೆಡುವುದು ಅಲ್ಲೇ. ಪತ್ರವನ್ನು ಸಂಸ್ಥೆಯ ಹೆಸರಿಗೆ ಬರೆದೆ: ಬಿಲ್ ನಂಬರು, ತಾರೀಖು, ಬಂದದ್ದು, ಬಾಕಿ 46,400, ಕೊಡಬೇಕಾದ ಕೊನೆ ದಿನ. ಕೊನೆಯಲ್ಲಿ ಒಂದೇ ಸಾಲು, ನಮ್ಮದು ಉದ್ಯಮ್ ನೋಂದಣಿ ಇರುವ ಘಟಕ, 2006ರ ಎಂಎಸ್ಎಂಇ ಕಾಯ್ದೆಯಂತೆ ಬಡ್ಡಿ ಕೇಳುವ ಹಕ್ಕು ಕಾಯ್ದಿರಿಸಿದ್ದೇವೆ ಅಂತ. ಆ ಕಾಯ್ದೆಯಲ್ಲಿ ಒಪ್ಪಂದ ಏನೇ ಇರಲಿ, 45 ದಿನಕ್ಕಿಂತ ಹೆಚ್ಚು ವಾಯಿದೆ ಇಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬರೀ ತಂದು ಮಾರುವ ವ್ಯಾಪಾರಿಗಳು ಈ ಸಾಲು ಬರೆಯಬಾರದು, ಅವರಿಗೆ ಇದು ಅನ್ವಯಿಸುವುದಿಲ್ಲ. ದೂರು, ಇಂಥ ಬಾಕಿ ವಿವಾದ ಕೇಳುವ ಸರ್ಕಾರಿ ಕೌನ್ಸಿಲ್ ಎಂಬ ಮಾತನ್ನು ಮೊದಲ ಪತ್ರದಲ್ಲಿ ನಾನು ತರುವುದಿಲ್ಲ.

ಹೇಳಿದ ದಿನದೊಳಗೆ ಬಾಕಿ ಪೂರ್ತಿ ಬಂತು. ಬಡ್ಡಿ ಕೇಳಲಿಲ್ಲ. ಈಗ ಅದೇ ಮಿಲ್ಲಿಗೆ ಮತ್ತೆ ಉದ್ರಿ ಕೊಡುತ್ತೇನೆ, 50,000ದ ಮಿತಿಯಲ್ಲಿ. ಆ ಮಿತಿಯನ್ನು ಸಾಹುಕಾರ್ರೂ ಒಪ್ಪಿದ್ದಾರೆ.