ಮೊದಲು ಹ್ಯಾಂಡ್‌ರೇಲ್, ಕೊನೆಗೆ ಚಿತ್ತಾರ: ನಮ್ಮ ಮೆಟ್ಟಿಲ ಗೋಡೆಯ ಕಥೆ

ಬಣ್ಣ ಹೊಡೆದು ಮೂರು ನಾಲ್ಕು ವರ್ಷವಾದ ಯಾವುದೇ ಮನೆಯ ಮೆಟ್ಟಿಲ ಗೋಡೆ ನೋಡಿ. ಸೊಂಟದ ಎತ್ತರದಲ್ಲಿ ಒಂದು ಮಾಸಲು ಪಟ್ಟೆ ಮೆಟ್ಟಿಲ ಜೊತೆಗೇ ಮೇಲಕ್ಕೆ ಹೋಗಿರುತ್ತದೆ. ಆಚೆ ಕಡೆ ಸ್ಟೀಲ್ ರೇಲಿಂಗ್ ಇದ್ದರೂ ಜನ ಗೋಡೆ ಸವರಿಕೊಂಡೇ ಹತ್ತಿ ಇಳಿಯುತ್ತಾರೆ. ಆ ಗೋಡೆ ಮೇಲೆ ಎಷ್ಟು ಚೆಂದದ ಚಿತ್ರ ಬರೆಸಿದರೂ ವರ್ಷದೊಳಗೆ ಅದರ ಗತಿ ಅಷ್ಟೇ.

ಶಿವಮೊಗ್ಗದಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಮೂರಡಿ ಅಗಲದ ಮೆಟ್ಟಿಲು, ಮಧ್ಯೆ ಒಂದು ಲ್ಯಾಂಡಿಂಗ್, ಮೇಲೆ ಹೆಡ್‌ರೂಮ್. ಈ ಗೋಡೆ ಮೇಲೆ ಮಲೆನಾಡಿನ ದೀವರ ಸಮುದಾಯದವರು ಮಣ್ಣಿನ ಬಣ್ಣದಲ್ಲಿ ಬರೆಯೋ ಚಿತ್ತಾರ ಬರೆಸಬೇಕು ಅನ್ನೋದು ನನ್ನ ಹಳೇ ಆಸೆ. ಎಲ್ಲರೂ ಮೊದಲು ಚಿತ್ರ, ಆಮೇಲೆ ಲೈಟು ಅಂತ ಹೊರಡುತ್ತಾರೆ. ನಾನು ಹ್ಯಾಂಡ್‌ರೇಲ್‌ನಿಂದ ಶುರು ಮಾಡಿದೆ. ಗೋಡೆ ಕಡೆಗೂ ಒಂದು ಹ್ಯಾಂಡ್‌ರೇಲ್ ಹಾಕಿ, ಅದರ ಹೊಟ್ಟೆಯಲ್ಲೇ ಲೈಟು ಇಟ್ಟು, ಅದರಿಂದ ಮೇಲಕ್ಕೆ ಮಾತ್ರ ಚಿತ್ತಾರ. ಹಿಡಿಯೋಕೆ ಏನಾದರೂ ಇದ್ದರೆ ಕೈ ಗೋಡೆಗೆ ಹೋಗೋದಿಲ್ಲ, ಚಿತ್ರ ಉಳಿಯುತ್ತದೆ. ಇದಿಷ್ಟೇ ಲೆಕ್ಕ.

ಫ್ಯಾಬ್ರಿಕೇಶನ್‌ನವನು ನಕ್ಕ. "ಸಾರ್, ಇರೋದೇ ಮೂರಡಿ. ಅದರಲ್ಲಿ ಇನ್ನೊಂದು ರೇಲು ಬೇರೆ. ಬೀರು ಹೇಗೆ ಮೇಲೆ ಹೋಗತ್ತೆ?" ಅಂದ. ಗೋಡೆಯಿಂದ ಎರಡು ಇಂಚು ಸಂದು, ಒಂದೂಮುಕ್ಕಾಲು ಇಂಚಿನ ಮರ, ಒಟ್ಟು ನಾಲ್ಕು ಇಂಚಿಗಿಂತ ಕಮ್ಮಿ ಜಾಗ. ಬೀರು ತರೋ ದಿನ ಸ್ಕ್ರೂ ಬಿಚ್ಚಿ ಮರ ಎತ್ತಿಡಬಹುದು. ಸಂದು ಮಾತ್ರ ಇನ್ನೂ ಕಮ್ಮಿ ಮಾಡಬೇಡಿ, ಬೆರಳಿನ ಗೆಣ್ಣು ಗೋಡೆಗೆ ಉಜ್ಜುತ್ತದೆ.

ಎತ್ತರಕ್ಕೆ ಆ ಮಾಸಲು ಪಟ್ಟೆಯನ್ನೇ ಅಳೆದೆ. ಮೆಟ್ಟಿಲಿನ ಮುಂದಿನ ಅಂಚಿನಿಂದ ಸುಮಾರು ಮೂವತ್ತನಾಲ್ಕು ಇಂಚು ಬಂತು. ಅಮ್ಮನ ಮಂಡಿ ನೋವಿಗೆ ಇಳಿಯುವಾಗಲೇ ಆಸರೆ ಜಾಸ್ತಿ ಬೇಕು, ಅವರ ಕೈಗೂ ಅದೇ ಎತ್ತರ ಸರಿಹೋಯಿತು. ಲ್ಯಾಂಡಿಂಗ್‌ನಲ್ಲಿ ಎಲ್ಲೂ ಕಡಿಯದೆ ಮೂಲೆ ಸುತ್ತಿಸಿದೆ. ಕೊನೇ ಮೆಟ್ಟಿಲು ದಾಟಿ ಒಂದಡಿ ಮುಂದಕ್ಕೆ ಬಿಟ್ಟು ತುದಿಯನ್ನು ಗೋಡೆಗೆ ತಿರುಗಿಸಿದೆ. ತುದಿ ಹಾಗೇ ಚಾಚಿಕೊಂಡಿದ್ದರೆ ಸೀರೆ ಸೆರಗು, ಸ್ಕೂಲ್ ಬ್ಯಾಗಿನ ಪಟ್ಟಿ ಸಿಕ್ಕಿಹಾಕಿಕೊಂಡು ಆಳನ್ನೇ ಎಳೆಯುತ್ತದೆ.

ದುಡ್ಡು ದಂಡವಾಗಿದ್ದು ರೇಲನ್ನು ಗೋಡೆಗೆ ಹಿಡಿಸೋ ಬ್ರಾಕೆಟ್‌ನಲ್ಲಿ. ನಮ್ಮದು ಹಾಲೋ ಬ್ಲಾಕ್ ಗೋಡೆ. ಮಾಮೂಲಿ ಆಂಕರ್ ಫಾಸ್ಟನರ್ ಹಾಕಿ ಟೈಟ್ ಮಾಡಿದಾಗ ಚೆನ್ನಾಗೇ ಕೂತಂತೆ ಕಂಡಿತು. ರೇಲಿಗೆ ಜೋತು ನೋಡಿದಾಗ ಎರಡು ಬ್ರಾಕೆಟ್ ಪ್ಲಾಸ್ಟರ್ ಸಮೇತ ಈಚೆ ಬಂದವು. ಕಾರಣ ಸರಳ. ಆಂಕರ್ ಅಗಲವಾಗಿ ಒತ್ತಿದರೇ ಹಿಡಿತ ಬರೋದು. ಬ್ಲಾಕಿನ ಸಿಪ್ಪೆ ಒಂದು ಇಂಚು ಚಿಲ್ಲರೆ ದಪ್ಪ, ಅದರ ಹಿಂದೆ ಪೊಳ್ಳು. ಒತ್ತಿದಷ್ಟೂ ಸಿಪ್ಪೆ ಒಡೆಯುತ್ತದೆ. ಡ್ರಿಲ್ ಮಾಡುವಾಗ ಬಿಟ್ ಏಕ್‌ದಂ ಒಳಗೆ ಜಾರಿದರೆ ಅಲ್ಲಿ ಪೊಳ್ಳಿದೆ ಅಂತಲೇ ಅರ್ಥ. ಅಂಥ ಕಡೆ ಜಾಲರಿ ಸ್ಲೀವ್ ತೂರಿಸಿ ಕೆಮಿಕಲ್ ಆಂಕರ್ ಅನ್ನೋ ಅಂಟು ತುಂಬಿಸಿದೆ. ಅದು ಪೊಳ್ಳಿನೊಳಗೆ ಉಬ್ಬಿ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಮುಟ್ಟಲಿಲ್ಲ. ಬ್ರಾಕೆಟ್‌ಗಳ ನಡುವೆ ಮೂರಡಿ ಮೀರದಂತೆ ನೋಡಿಕೊಂಡೆ. ಮರುದಿನ ಎಂಬತ್ತು ಕೆಜಿಯ ನಮ್ಮ ಭಾವ ಜೋತಾಡಿದರೂ ಅಲುಗಲಿಲ್ಲ. ನಕ್ಕವನನ್ನೂ ಕರೆಸಿ ಜೋತಾಡಿಸಿದೆ.

ಗೋಡೆಯಿಲ್ಲದ ಕಡೆಯ ಹಳೇ ರೇಲಿಂಗ್‌ನಲ್ಲಿ ಅಡ್ಡ ಪೈಪುಗಳಿದ್ದವು. ಮಕ್ಕಳಿಗೆ ಅದೇ ಏಣಿ. ಅಡ್ಡ ಪೈಪು ಕತ್ತರಿಸಿ ನಾಲ್ಕು ಇಂಚಿಗಿಂತ ಕಮ್ಮಿ ಸಂದಿಯಲ್ಲಿ ಉದ್ದ ಸರಳು ಹಾಕಿಸಿದೆ. ಪೈಪು ತಗೊಳ್ಳುವಾಗ ಮ್ಯಾಗ್ನೆಟ್ ನಂಬಬೇಡಿ. ಬೇಗ ತುಕ್ಕು ಹಿಡಿಯೋ ಅಗ್ಗದ 202 ಗ್ರೇಡ್ ಸ್ಟೀಲೂ ಸಾಮಾನ್ಯವಾಗಿ ಒಳ್ಳೇ 304ರ ಹಾಗೇ ಮ್ಯಾಗ್ನೆಟ್‌ಗೆ ಅಂಟೋದಿಲ್ಲ. ಬ್ಯಾಟರಿ ಜೊತೆ ಬರೋ ಟೆಸ್ಟಿಂಗ್ ಲಿಕ್ವಿಡ್ ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದರೆ 202ರ ಮೇಲಿನ ಹನಿ ಕೆಂಪಗಾಗುತ್ತದೆ.

ಲೈಟಿನ ವಿಷಯ. ತೇಗದ ರೇಲಿನ ಅಡಿಯಲ್ಲಿ ಉದ್ದಕ್ಕೂ ತೋಡು ತೆಗೆಸಿ, ಅಲ್ಯೂಮಿನಿಯಂ ಪ್ರೊಫೈಲ್ ಕೂರಿಸಿ, 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಹಾಕಿದೆ. ತೋಡು ನೇರ ಕೆಳಕ್ಕೆ ಇದ್ದರೆ ಕೆಳಗಿಂದ ಹತ್ತುವವರ ಕಣ್ಣಿಗೇ ಹೊಡೆಯುತ್ತದೆ, ಮಕ್ಕಳಿಗಂತೂ ಇನ್ನೂ ಜಾಸ್ತಿ. ಅದಕ್ಕೆ ಗೋಡೆ ಕಡೆಗೆ ಓರೆ ಮಾಡಿಸಿದೆ. ಬೆಳಕು ಗೋಡೆಗೆ ಬಡಿದು ಮೆಟ್ಟಿಲಿಗೆ ಇಳಿಯುತ್ತದೆ, ಪ್ರತಿ ಮೆಟ್ಟಿಲಿನ ಅಂಚು ಬೇರೆಬೇರೆಯಾಗಿ ಕಾಣುತ್ತದೆ. ಇಡೀ ಸ್ಟ್ರಿಪ್ಪನ್ನು ಯುಪಿಎಸ್ ಲೈನಿಗೆ ಕೊಟ್ಟೆ. ನಮ್ಮಲ್ಲಿ ಮಳೆಗಾಲದ ಕರೆಂಟು ಗೊತ್ತಲ್ಲ.

ಮಧ್ಯೆ ಸೆನ್ಸರ್ ಹುಚ್ಚೂ ಹಿಡಿದಿತ್ತು. ಲ್ಯಾಂಡಿಂಗ್ ಗೋಡೆಯಲ್ಲಿ ಮೆಟ್ಟಿಲಿಗೆ ಎದುರಾಗಿ, ಜನ ಓಡಾಡೋದನ್ನು ಗುರುತಿಸೋ ಪಿಐಆರ್ ಸೆನ್ಸರ್ ಇಟ್ಟರೆ, ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಲೈಟು ಬರುತ್ತಿತ್ತು. ಈ ಸೆನ್ಸರ್‌ಗೆ ಎದುರಿಗೆ ಬರೋರಿಗಿಂತ ಅಡ್ಡ ಹಾಯೋರು ಬೇಗ ಕಾಣುತ್ತಾರೆ. ಮೊದಲ ಮೆಟ್ಟಿಲಿನ ಪಕ್ಕಕ್ಕೆ ಸರಿಸಿದ ಮೇಲೆ ಕಾಲಿಡೋ ಮುಂಚೆಯೇ ಲೈಟು ಹತ್ತುತ್ತದೆ. ಮೇಲಿನ ತುದಿಗೂ ಅದೇ ಥರ ಇನ್ನೊಂದು ಬೇಕಾಯಿತು.

ಚಿತ್ತಾರದ ಮೇಲೆ ಬೀಳೋ ಲೈಟನ್ನು ಗೋಡೆಗೆ ತಾಗಿಸಿ ಸೀಲಿಂಗ್‌ನಿಂದ ಬಿಟ್ಟು ನೋಡಿದರೆ ಪ್ಲಾಸ್ಟರಿನ ಉಬ್ಬು ತಗ್ಗೆಲ್ಲ ಎದ್ದು ಕಂಡವು. ಎರಡೂವರೆ ಅಡಿ ಈಚೆ ತಂದಾಗ ಸರಿಯಾಯಿತು. ಬಲ್ಬು ಹಳದಿ ಛಾಯೆಯ 3000ಕೆ ಇರಲಿ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅಂತ ಹೇಳೋ ಸಿಆರ್‌ಐ ಅಂಕ 90ಕ್ಕಿಂತ ಮೇಲಿರಲಿ. ಅಗ್ಗದ ಬಲ್ಬಿನಲ್ಲಿ ಕೆಮ್ಮಣ್ಣಿನ ಕೆಂಪು ಸತ್ತು ಕಂದಾಗಿ ಕಾಣುತ್ತದೆ.

ಕೊನೆಗೆ ಚಿತ್ತಾರ. ಸಾಗರದ ಕಡೆಯ ದೀವರ ಮನೆಯ ಒಬ್ಬರು ಅಕ್ಕ ಬಂದು ಬರೆದರು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಪೇಂಟರ್ ಮಾತ್ರ "ಪುಟ್ಟಿ, ಎಮಲ್ಷನ್ ಮೇಲೆ ಮಣ್ಣು ನಿಲ್ಲಲ್ಲ, ಭುಜ ತಾಗಿದರೂ ಅಂಗಿ ಕೆಂಪು" ಅಂತ ಮುಂಚೆಯೇ ಕೈಯೆತ್ತಿದ್ದ. ಅವನ ಮಾತು ಅರ್ಧ ನಿಜ. ಅದಕ್ಕೇ ರೇಲಿನಿಂದ ಮೇಲಕ್ಕೆ ಪ್ಲಾಸ್ಟರ್ ಕಾಣೋವರೆಗೆ ಕೆರೆಸಿದೆ. ಹೆಡ್‌ರೂಮ್ ಸ್ಲ್ಯಾಬಿನ ಒಸರು ನಿಲ್ಲಿಸಿ ಒಂದು ಮಳೆಗಾಲ ಪೂರ್ತಿ ಕಾದೆ. ಪ್ಲಾಸ್ಟಿಕ್ ಹಾಳೆಯನ್ನು ಟೇಪ್‌ನಿಂದ ಅಂಟಿಸಿಟ್ಟು, ಎರಡು ದಿನ ಬಿಟ್ಟು ತೆಗೆದಾಗ ಹಿಂದೆ ಬೆವರಿಲ್ಲದಿದ್ದರೆ ಗೋಡೆ ಒಣಗಿದೆ ಅಂತ. ಮಣ್ಣಿಗೆ ಒಂದು ಅಂಟು ಸೇರಿಸಿದ್ದೇವೆ. ಯಾವುದು, ಎಷ್ಟು ಅನ್ನೋದು ಅಕ್ಕನಿಗೂ ನನಗೂ ಇರಲಿ. ಈಗ ಬಿಳಿ ಅಂಗಿ ಉಜ್ಜಿದರೂ ಬಣ್ಣ ಹತ್ತೋದಿಲ್ಲ.

ಅಕ್ಕ ಒಂದು ವಿಷಯಕ್ಕೆ ಒಪ್ಪಲೇ ಇಲ್ಲ. ಮೆಟ್ಟಿಲಿನ ಓರೆಗೆ ತಕ್ಕಂತೆ ತೇರಿನ ಚಿತ್ತಾರವನ್ನೂ ಓರೆ ಮಾಡಿ ಅಂದಿದ್ದೆ. "ತೇರು ಓರೆ ನಿಲ್ತದಾ ತಮ್ಮಾ?" ಅಂದರು. ಲ್ಯಾಂಡಿಂಗ್ ಗೋಡೆಯಲ್ಲಿ ದೊಡ್ಡ ಚೌಕ ನೆಟ್ಟಗೆ ನಿಂತಿತು, ಓರೆ ಗೋಡೆಗೆ ಬರೀ ಅಂಚಿನ ಪಟ್ಟಿ ಬಂತು. ಅವರದೇ ಸರಿ. ಹತ್ತುವಾಗ ಕಣ್ಣು ನಿಲ್ಲೋದು ಲ್ಯಾಂಡಿಂಗ್‌ನಲ್ಲೇ. ಮೆಟ್ಟಿಲ ಮೇಲೆ ತಲೆಯೆತ್ತಿ ನೋಡುತ್ತಾ ನಿಲ್ಲೋದು ಅಪಾಯ ಕೂಡ.

ಖರ್ಚು ನೆನಪಿದ್ದಂತೆ: ತೇಗ, ಕಡೆತ, ಪಾಲಿಶ್ ಸೇರಿ ಹದಿನಾಲ್ಕು ಸಾವಿರ. ಬ್ರಾಕೆಟ್, ಕೆಮಿಕಲ್ ಆಂಕರ್ ಆರು ಸಾವಿರ, ದಂಡವಾದದ್ದೂ ಸೇರಿ. ಲೈಟು, ಸೆನ್ಸರ್ ಒಂಬತ್ತು. ಸರಳುಗಳಿಗೆ ಹನ್ನೆರಡು. ಅಕ್ಕನಿಗೆ ಇಪ್ಪತ್ತೆರಡು, ಅದರಲ್ಲಿ ಚೌಕಾಸಿ ಮಾಡಲಿಲ್ಲ. ಸ್ಲ್ಯಾಬಿನ ಒಸರಿನ ರಿಪೇರಿ ಬೇರೆ ಲೆಕ್ಕ. ಇದೇ ಗೋಡೆಗೆ ಒಬ್ಬ ಇಂಟೀರಿಯರ್‌ನವರು ಕಲ್ಲಿನ ಕ್ಲ್ಯಾಡಿಂಗ್, ತೂಗುದೀಪ ಅಂತ ಒಂದೂವರೆ ಲಕ್ಷ ಹೇಳಿದ್ದರು. ಅದರಲ್ಲಿ ಹ್ಯಾಂಡ್‌ರೇಲ್ ಇರಲೇ ಇಲ್ಲ.

ಚಿತ್ತಾರ ಒರೆಸೋಕೆ ಒಣ ಬಟ್ಟೆ ಮಾತ್ರ, ಒದ್ದೆ ಬಟ್ಟೆ ಬೇಡ. ರೇಲಿನ ಕೆಳಗಿನ ಗೋಡೆಗೆ ತೊಳೆಯಬಹುದಾದ ಎಮಲ್ಷನ್ ಹಾಗೇ ಬಿಟ್ಟಿದ್ದೇನೆ, ಚಪ್ಪಲಿ, ಬಕೆಟ್ಟು ತಾಗೋದು ಅಲ್ಲೇ. ಅದೇ ಕೆಮ್ಮಣ್ಣು ಪುಡಿ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಬೇರೆ ಊರಿನ ಮಣ್ಣು ತಂದು ತೇಪೆ ಹಾಕಿದರೆ ಬಣ್ಣ ಕೂಡೋದಿಲ್ಲ.